ಫೈನಲ್ ಇಯರ್ ಪ್ರಾಜೆಕ್ಟ್: ಅಳೆಯಬಹುದಾದ ಉದ್ದೇಶ ಬರೆಯುವುದು ಹೇಗೆ

ಸಿನಾಪ್ಸಿಸ್‌ಗಳಲ್ಲಿ ತುಂಬಾ ಕಾಣುವ ಸಾಲು ಇದು: "ಮಣ್ಣಿನ ತೇವ ನೋಡಿ ತಾನೇ ನೀರು ಹಾಯಿಸುವ ವ್ಯವಸ್ಥೆ ತಯಾರಿಸಿ ನೀರು ಉಳಿಸುವುದು." ವೈವಾದಲ್ಲಿ "ಎಷ್ಟು ಉಳಿಯಿತು, ಯಾವುದಕ್ಕಿಂತ?" ಎಂದು ಕೇಳಿದರೆ ಇದರಲ್ಲಿ ಉತ್ತರವಿಲ್ಲ.

ಒಳ್ಳೆಯ ಉದ್ದೇಶ ಸ್ಮಾರ್ಟ್ ಆಗಿರಬೇಕು ಅನ್ನುತ್ತಾರೆ: ಸ್ಪೆಸಿಫಿಕ್, ಮೆಷರೆಬಲ್, ಅಚೀವಬಲ್, ರೆಲೆವೆಂಟ್, ಟೈಮ್-ಬೌಂಡ್. ಐದೂ ಎಲ್ಲರಿಗೂ ಬಾಯಿಪಾಠ. ಕೈಕೊಡುವುದು ಮಾತ್ರ ಮೆಷರೆಬಲ್‌ನಲ್ಲೇ, ಯಾಕಂದ್ರೆ ಸುಮ್ನೆ "30% ಉಳಿತಾಯ" ಅಂತ ಸೇರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ಮೊದಲು ಹೋಲಿಸಲು ಏನಾದರೂ ಬೇಕು. ಒಂದೇ ಮಣ್ಣು ತುಂಬಿದ, 1 ಚದರ ಮೀಟರ್‌ನ ಎರಡು ಮೆಂತ್ಯ ಮಡಿ ಮಾಡಿ. ಒಂದಕ್ಕೆ ಟೈಮರ್‌ನಿಂದ ದಿನಾ ಒಂದೇ ಅಳತೆಯ ನೀರು, ಇನ್ನೊಂದಕ್ಕೆ ಸೆನ್ಸರ್ ಹೇಳಿದಾಗ ಮಾತ್ರ. ಮೊದಲ 7 ದಿನ ಎರಡಕ್ಕೂ ಒಂದೇ ಸಮ ನೀರು ಹಾಕಿ, ತೇವ ಒಂದೇ ರೀತಿ ಇಳಿಯುತ್ತದಾ ನೋಡಿಕೊಳ್ಳಿ. ಇಳಿಯದಿದ್ದರೆ ಮಡಿಗಳಲ್ಲೇ ವ್ಯತ್ಯಾಸವಿದೆ, ಮುಂದಿನ ಹೋಲಿಕೆಗೆ ಅರ್ಥವಿಲ್ಲ.

ಆಮೇಲೆ ಅಳೆಯುವ ಸಾಧನ. ಹೆಚ್ಚಿನ ತಂಡಗಳು ಕೊಳ್ಳುವ ಅಗ್ಗದ ವೈಎಫ್-ಎಸ್201 ಫ್ಲೋ ಸೆನ್ಸರ್‌ನ ನಿಖರತೆ ಸುಮಾರು ±10%. ಅಂದರೆ ಎರಡು ಮಡಿಗೆ ಎರಡು ಸೆನ್ಸರ್ ಇಟ್ಟು, ಒಂದು ಜಾಸ್ತಿ ಇನ್ನೊಂದು ಕಡಿಮೆ ತೋರಿಸಿದರೆ, ಒಂದು ಹನಿಯೂ ಉಳಿಸದೆ 20% ಹತ್ತಿರ ಉಳಿತಾಯ ಕಾಣಬಹುದು! ಜೊತೆಗೆ ಅದು ನಿಮಿಷಕ್ಕೆ 1 ಲೀಟರ್‌ಗಿಂತ ಕಡಿಮೆ ಹರಿವನ್ನು ಸರಿಯಾಗಿ ಓದುವುದಿಲ್ಲ, ಹನಿ ನೀರಾವರಿಯ ಸಣ್ಣ ಮಡಿಯಲ್ಲಿ ಹರಿವು ಅಷ್ಟೇ ಇರುವುದು. ಇಲ್ಲಿ ಲೀಟರ್ ಗುರುತು ಹಾಕಿದ ಎರಡು ಡ್ರಮ್ ಇಟ್ಟು, ಎಷ್ಟು ಇಳಿಯಿತು ಅಂತ ದಿನಾ ನೋಡಿ ಬರೆಯುವುದೇ ಹೆಚ್ಚು ನಂಬಿಕೆಯದು.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಪಂಪ್ ಆನ್ ಮಾಡದೇ ಇದ್ದರೂ ನೀರು ಉಳಿಯುತ್ತದೆ ಅಲ್ವಾ? ಆದ್ದರಿಂದ ಉಳಿತಾಯದ ಜೊತೆಗೆ ಬೆಳೆ ಕೆಡಬಾರದು ಎಂಬ ಷರತ್ತೂ ಸಂಖ್ಯೆಯಲ್ಲೇ ಇರಬೇಕು. ಇಷ್ಟೆಲ್ಲ ಸೇರಿದರೆ ಸಾಲು ಹೀಗಾಗುತ್ತದೆ:

"ಬಿತ್ತಿದ 8ನೇ ದಿನದಿಂದ 28ನೇ ದಿನದವರೆಗೆ, ಮಳೆ ಬೀಳದಂತೆ ಮುಚ್ಚಿದ ಎರಡು ಮೆಂತ್ಯ ಮಡಿಗಳಲ್ಲಿ, ಸೆನ್ಸರ್ ಮಡಿಗೆ ಟೈಮರ್ ಮಡಿಗಿಂತ ಕನಿಷ್ಠ 20% ಕಡಿಮೆ ನೀರು ಬಳಸುವುದು, ಕೊಯ್ದ ಸೊಪ್ಪಿನ ತೂಕದಲ್ಲಿ ಇಳಿಕೆ 10% ಮೀರಬಾರದು."

ಈ ಸಾಲು ಓದಿದರೇನೇ ರಿಸಲ್ಟ್ ಅಧ್ಯಾಯದ ಖಾಲಿ ಟೇಬಲ್ ಬರೆಯಬಹುದು: ದಿನ, ಎರಡು ಡ್ರಮ್‌ಗಳ ಲೀಟರ್, ಕೊನೆಗೆ ಎರಡು ತೂಕ. ಟೇಬಲ್ ಬರೆಯಲು ಆಗದಿದ್ದರೆ ಉದ್ದೇಶ ಇನ್ನೂ ಮಸುಕಾಗಿದೆ. "ಇಎಸ್‌ಪಿ32 ಬಳಸುವುದು", "ಆ್ಯಪ್ ಮಾಡುವುದು" ಇವೆಲ್ಲ ಕೆಲಸಗಳು, ಉದ್ದೇಶಗಳಲ್ಲ, ಮೆಥಡಾಲಜಿಗೆ ಕಳಿಸಿ. ಎರಡೇ ಮಡಿಯ ಫಲಿತಾಂಶ ಆ ಮಣ್ಣಿಗೆ, ಆ ಬೆಳೆಗೆ ಮಾತ್ರ, "ರೈತರಿಗೆ 20% ಉಳಿತಾಯ" ಅಂತ ಹಿಗ್ಗಿಸಬೇಡಿ.

1981ರಲ್ಲಿ ಜಾರ್ಜ್ ಡೋರನ್ ಸ್ಮಾರ್ಟ್ ಬಗ್ಗೆ ಬರೆದಾಗ ಎ ಅಂದರೆ ಅಸೈನಬಲ್ ಎಂದಿತ್ತು, ಅಂದರೆ ಕೆಲಸ ಯಾರದು ಅಂತ ಹೇಳುವುದು. ನಾಲ್ವರ ತಂಡಕ್ಕೆ ಇದೂ ಬೇಕು: ಭಾನುವಾರವೂ ಡ್ರಮ್ ನೋಡಿ ಬರೆಯುವವರು ಯಾರು ಅಂತ ಪ್ಲ್ಯಾನ್‌ನಲ್ಲಿ ಹೆಸರು ಹಾಕಿ.