ಸಿಗಿರಿಯಾದಲ್ಲಿ ನೀರನ್ನ ಎಲ್ಲಿಗೆ ತಂದ್ರು, ಎಲ್ಲಿಂದ ದೂರ ಇಟ್ರು

ಹಳೇ ಕಟ್ಟಡಗಳ ರಿಪೇರಿ ಕೆಲಸದಲ್ಲಿ ನಮಗೆ ಬರೋ ಹತ್ತು ದೂರಿನಲ್ಲಿ ಎಂಟು ನೀರಿಂದೇ, ಬೇಕಾದ ಕಡೆ ಬರ್ತಿಲ್ಲ, ಬೇಡದ ಕಡೆ ಸೋರ್ತಿದೆ ಅಂತ. ಅದಕ್ಕೇ ಶ್ರೀಲಂಕಾದ ಸಿಗಿರಿಯಾ ಬಂಡೆಕೋಟೆ ನೋಡೋಕೆ ಹೋದಾಗ ನಾನು ಅರಮನೆಗಿಂತ ಮೊದಲು ನೀರಿನ ದಾರಿ ಹುಡುಕಿದೆ. ಐದನೇ ಶತಮಾನದಲ್ಲಿ, ಅಂದ್ರೆ 477ರಿಂದ 495ರವರೆಗೆ ಆಳಿದ ಕಶ್ಯಪ ರಾಜ ತಂದೆ ಧಾತುಸೇನನ್ನ ಕೊಲ್ಲಿಸಿ ಪಟ್ಟಕ್ಕೆ ಬಂದು, ತಮ್ಮ ಮೊಗ್ಗಲ್ಲಾನ ಭಾರತಕ್ಕೆ ಓಡಿಹೋಗಿದ್ದಾನೆ, ಒಂದಲ್ಲ ಒಂದಿನ ಸೈನ್ಯ ಕಟ್ಕೊಂಡು ಬರ್ತಾನೆ ಅನ್ನೋ ಭಯದಲ್ಲಿ ಅನುರಾಧಪುರ ಬಿಟ್ಟು ಈ ಬಂಡೆಗೆ ಬಂದ. ತಂದೆ ಧಾತುಸೇನ ಕಲಾವೆವ ಅನ್ನೋ ದೊಡ್ಡ ಕೆರೆ ಕಟ್ಟಿಸಿದವನು, ಹಾಗಾಗಿ ನೀರಿನ ಕೆಲಸ ಬಲ್ಲ ಜನ ಆ ಸೀಮೆಯಲ್ಲಿ ಮೊದಲೇ ಇದ್ರು.

ಸುತ್ತಲ ಬಯಲಿಂದ ಸುಮಾರು 180 ಮೀಟರ್ ನೆಟ್ಟಗೆ ಎದ್ದಿರೋ ಬಂಡೆ ಅದು. ಫೋಟೋ ನೋಡಿದವರು ಉದ್ಯಾನ, ಕಾರಂಜಿ, ಚಿತ್ರ ಎಲ್ಲಾ ತುದಿಯಲ್ಲೇ ಇದೆ ಅಂದ್ಕೋತಾರೆ, ಹಾಗಿಲ್ಲ. ಕಾರಂಜಿ ತೋಟ ಪಶ್ಚಿಮದ ತಪ್ಪಲಲ್ಲಿ, ಚಿತ್ರಗಳು ಬಂಡೆಯ ಹೊಟ್ಟೆಯಲ್ಲಿ ನೆಲದಿಂದ ಸುಮಾರು ನೂರು ಮೀಟರ್ ಮೇಲೆ, ಅರಮನೆ ಮತ್ತೆ ದೊಡ್ಡ ಹೊಂಡ ತಲೆ ಮೇಲೆ. ಮೂರು ಕಡೆಗೂ ನೀರಿನ ಲೆಕ್ಕ ಬೇರೆ ಬೇರೆ.

ತಲೆಯಿಂದ ಶುರು ಮಾಡೋಣ. ಮೇಲಿನ ಜಾಗ ಒಟ್ಟು ಒಂದೂವರೆ ಹೆಕ್ಟೇರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಅದರ ನಡುವೆ ಬಂಡೆಯಲ್ಲೇ ಕೊರೆದ ಹೊಂಡ, ಸುಮಾರು 27 ಮೀಟರ್ ಉದ್ದ 21 ಮೀಟರ್ ಅಗಲ. ಕೆಳಗಿನ ಕೆರೆಯಿಂದ ಗಾಳಿಯಂತ್ರ ಇಟ್ಟು ಇಲ್ಲಿಗೆ ನೀರು ಎತ್ತುತ್ತಿದ್ರು ಅಂತ ಕೆಲವರು ಹೇಳ್ತಾರೆ. ನನಗೆ ಅದು ಬೇಕೇ ಇಲ್ಲ ಅನ್ಸುತ್ತೆ, ಯಾಕೆ ಅಂದ್ರೆ ಲೆಕ್ಕ ಹಾಕಿ ನೋಡಿ: ಒಂದೂವರೆ ಹೆಕ್ಟೇರ್ ಅಂದ್ರೆ 15,000 ಚದರ ಮೀಟರ್, ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ರೆ 15 ಲಕ್ಷ ಲೀಟರ್. ಅರ್ಧ ಹರಿದು ಹೋದ್ರೂ ಏಳೂವರೆ ಲಕ್ಷ ಉಳೀತು. ಹೊಂಡದಲ್ಲಿ ಒಂದು ಮೀಟರ್ ನೀರು ಏರೋಕೆ ಬೇಕಾಗೋದು 5 ಲಕ್ಷ 67 ಸಾವಿರ ಲೀಟರ್ ಅಷ್ಟೇ. ಅಲ್ಲಿ ಅಕ್ಟೋಬರಿಂದ ಜನವರಿವರೆಗೆ ಮಳೆ ಜೋರು, ಕೆಲವು ಒಳ್ಳೇ ಮಳೆ ಸಾಕು. ಚಿತ್ರದುರ್ಗದ ಕೋಟೆ ಹೊಂಡಗಳನ್ನ ನೋಡಿದವರಿಗೆ ಇದು ಹೊಸದಲ್ಲ, ಬಂಡೆ ಮೇಲೆ ಬಿದ್ದ ನೀರು ಇಂಗಲ್ಲ, ಇಳಿಜಾರು ಸರಿಯಾಗಿ ಹಿಡಿದ್ರೆ ಆಯ್ತು.

ಈಗ ಕೆಳಗೆ, ಕಾರಂಜಿ. ದಕ್ಷಿಣಕ್ಕೆ ಕಟ್ಟೆ ಹಾಕಿ ಮಾಡಿದ ಸಿಗಿರಿ ಮಹಾವೆವ ಕೆರೆ, ಕೋಟೆ ಸುತ್ತ ಕಂದಕಗಳು, ಒಳಗೆ ನಟ್ಟನಡುವಿನ ದಾರಿಯ ಎರಡೂ ಪಕ್ಕ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಅಳತೆಯ ಕೊಳಗಳು. ಬಾಗಿಲಿಂದ ಬಂಡೆ ಕಡೆಗೆ ನಡೀತಾ ಹೋದ್ರೆ ನೆಲ ಮೆಲ್ಲಗೆ ಏರುತ್ತೆ, ಇಡೀ ವ್ಯವಸ್ಥೆ ನಿಂತಿರೋದೇ ಆ ಏರಿನ ಮೇಲೆ. ಕಾರಂಜಿ ಅಂದ್ರೆ ಏನು ಅಂತ ತಿಳಿಬೇಕಾದ್ರೆ ಅಲ್ಲಿ ಮಂಡಿಯೂರಿ ನೋಡಬೇಕು, ಸುಣ್ಣಕಲ್ಲಿನ ಒಂದು ದುಂಡು ಬಿಲ್ಲೆ, ಅದರಲ್ಲಿ ಸಮನಾಗಿ ಕೊರೆದ ತೂತುಗಳು, ಅಷ್ಟೇ. ಅದರ ಕೆಳಗೆ ನೆಲದಡಿ ಕಾಲುವೆ. ಪಕ್ಕದಲ್ಲೇ ಹಾವಿನ ಹಾಗೆ ಬಳುಕೋ ತೆಳು ತೊರೆ, ಮತ್ತೆ ಆಳ ಕಮ್ಮಿ ಇರೋ ಸುಣ್ಣಕಲ್ಲಿನ ತೊಟ್ಟಿಗಳು, ನೀರು ತುಂಬಿಟ್ಟು ಒತ್ತಡ ಕೊಡೋಕೆ.

ಪಂಪ್ ಇಲ್ದೆ ನೀರು ಹೇಗೆ ಏರುತ್ತೆ ಅಂತ ಕೇಳ್ತಾರೆ. ಮನೆ ಮೇಲಿನ ಟ್ಯಾಂಕಿಂದ ಕೆಳಗಿನ ನಲ್ಲಿಗೆ ಬರೋ ಹಾಗೇನೇ, ಮೂಲದ ನೀರಿನ ಮಟ್ಟ ಬಿಲ್ಲೆಗಿಂತ ಒಂದು ಮೀಟರ್ ಮೇಲಿದ್ರೆ ಕಾರಂಜಿ ಹೆಚ್ಚಂದ್ರೆ ಆ ಮಟ್ಟದವರೆಗೆ ಏರಬಹುದು, ದಾರಿಯಲ್ಲಿ ಕಾಲುವೆ ಗೋಡೆಗೆ ಉಜ್ಜಿ ಕಳ್ಕೊಳೋದನ್ನ ಕಳೆದು ಇನ್ನೂ ಕಮ್ಮಿ. ಆದ್ದರಿಂದ ಇವು ಆಳೆತ್ತರ ಚಿಮ್ಮೋ ಕಾರಂಜಿಗಳಲ್ಲ, ತೆಳು ನೀರಿನ ಮೇಲೆ ಬುಗುಬುಗು ಅಂತ ಉಕ್ಕೋವು. ಇವತ್ತಿಗೂ ಮಳೆಗಾಲದಲ್ಲಿ ಕೆಲಸ ಮಾಡ್ತವೆ, ಬೇಸಿಗೇಲಿ ಇಲ್ಲ, ಅದಕ್ಕೆ ಕಾರಣ ಇದೇ: ಮೂಲದಲ್ಲಿ ಮಟ್ಟ ಇಳಿದ್ರೆ ಒತ್ತಡ ಹೋಯ್ತು.

ಇಂಥ ಕಾಲುವೆ ಕೆಡೋದು ಹೆಚ್ಚಾಗಿ ಎರಡು ರೀತಿ. ಒಂದು ಹೂಳು ಕಟ್ಟೋದು, ಇನ್ನೊಂದು ಕಲ್ಲಿನ ಸಂದಿಗೆ ಬೇರು ನುಗ್ಗಿ ಸೋರೋದು. ಒಂದೇ ಮಟ್ಟದ ಎರಡು ಕಾರಂಜಿಯಲ್ಲಿ ಒಂದು ಮಂಕಾಗಿದ್ರೆ ಅದರ ಸಾಲಿನಲ್ಲೇ ತೊಂದ್ರೆ ಅಂತ ಗೊತ್ತಾಗುತ್ತೆ, ಆಮೇಲೆ ಒಣ ಹವೆಯಲ್ಲಿ ಕಾಲುವೆ ಸಾಲಿನುದ್ದಕ್ಕೂ ನಡೆದು ನೋಡ್ಬೇಕು, ಎಲ್ಲಾ ಕಡೆ ಹುಲ್ಲು ಒಣಗಿದ್ದು ಒಂದು ಕಡೆ ಮಾತ್ರ ಹಸಿರಾಗಿದ್ರೆ ಅಲ್ಲೇ ಸೋರ್ತಿದೆ. ಎಲ್ಲೂ ಹಸಿರಿಲ್ಲ ಅಂದ್ರೆ ಹೆಚ್ಚಾಗಿ ಒಳಗೆ ಹೂಳು. ನಮ್ಮ ಕೆಲಸದಲ್ಲಿ ಒಂದ್ಸಲ ಇದನ್ನ ನೋಡದೆ ಆತುರಕ್ಕೆ ಕಾಲುವೆ ಪೂರ್ತಿ ಅಗೆಸಿ, ಸರಿಯಿದ್ದ ಹಳೇ ಸಂದಿಗಳನ್ನೂ ಹಾಳು ಮಾಡಿಬಿಟ್ವಿ, ಆ ನೋವು ನನಗೆ ಇನ್ನೂ ಇದೆ.

ಚಿತ್ರಗಳ ವಿಷ್ಯಕ್ಕೆ ಬಂದ್ರೆ ಲೆಕ್ಕ ಪೂರ್ತಿ ತಿರುಗುತ್ತೆ, ಇಲ್ಲಿ ನೀರು ಒಂದು ಹನಿಯೂ ಬರಬಾರದು. ಬಂಡೆಯ ಪಶ್ಚಿಮ ಮುಖದಲ್ಲಿ ಸುಮಾರು 140 ಮೀಟರ್ ಉದ್ದ 40 ಮೀಟರ್ ಎತ್ತರದ ಪಟ್ಟಿಗೆ ಗಾರೆ ಬಳಿದು ಚಿತ್ರ ಬರೆದಿದ್ರು ಅಂತಾರೆ. ಇವತ್ತು ಕಾಣೋದು ಬಂಡೆ ಒಳಗೆ ಬಾಗಿರೋ ಗೂಡಿನಂಥ ಜಾಗದಲ್ಲಿರೋ ಇಪ್ಪತ್ತರ ಆಸುಪಾಸಿನ ಹೆಂಗಸರು ಮಾತ್ರ, ಹೂ ಹಿಡಿದವರು, ತಟ್ಟೆ ಹಿಡಿದವರು, ಸೊಂಟದಿಂದ ಕೆಳಗೆ ಮೋಡದಲ್ಲಿ ಮುಳುಗಿದವರು. ತೆರೆದ ಮುಖದ ಮೇಲಿದ್ದದ್ದು ಮಳೆಗೆ ಹೋಯ್ತು, ಗೂಡಿನ ಮೇಲೆ ಬಂಡೆ ಛತ್ರಿ ಹಿಡಿದಿತ್ತು, ಉಳೀತು.

ಕೆಳಗಿನ ಗುಂಡುಬಂಡೆಗಳ ತೋಟದ ಗುಹೆಗಳಲ್ಲಿ ಈ ಛತ್ರಿಯನ್ನ ಕೈಯಿಂದಲೇ ಮಾಡಿದ್ದಾರೆ. ಗುಹೆ ಹಣೆಯುದ್ದಕ್ಕೂ ಬಂಡೆಯಲ್ಲಿ ಒಂದು ಗೀರು ಕೊರೆದಿದ್ದಾರೆ, ಮೇಲಿಂದ ಜಾರಿ ಬಂದ ನೀರು ಒಳಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕಿ ಬೀಳ್ಲಿ ಅಂತ. ನಮ್ಮ ಮನೆ ಕಿಟಕಿ ಸಜ್ಜದ ಕೆಳಗೆ ಗಾರೆಯವರು ಒಂದು ಗೆರೆ ಬಿಡ್ತಾರಲ್ಲ, ಅದೇ ಕೆಲಸ. ಈಗಿನ ಎಷ್ಟೋ ಮನೆಗಳಲ್ಲಿ ಆ ಗೆರೆ ಬಿಡಲ್ಲ, ಎರಡೇ ವರ್ಷಕ್ಕೆ ಕಿಟಕಿ ಮೇಲೆ ತೇವ ಬರುತ್ತೆ.

ಚಿತ್ರದ ಗಾರೆ ಒಂದೇ ಪದರ ಅಲ್ಲ. ಬಂಡೆಗೆ ತಾಗಿ ಭತ್ತದ ಹೊಟ್ಟು ಕಲಸಿದ ಮಣ್ಣು, ಅದರ ಮೇಲೆ ಸುಣ್ಣ ಮರಳು, ಕೊನೆಗೆ ಬಣ್ಣ ಹಿಡಿಯೋ ನಯವಾದ ತೆಳು ಸುಣ್ಣ. ಹೊಟ್ಟು ಯಾಕೆ ಅಂದ್ರೆ ಒಣಗುವಾಗ ಮಣ್ಣು ಕುಗ್ಗಿ ಬಿರುಕು ಬಿಡುತ್ತೆ, ಹೊಟ್ಟು ಅದನ್ನ ಹಿಡಿದಿಡುತ್ತೆ. ಬಣ್ಣ ಹೆಚ್ಚಾಗಿ ಕೆಂಪು, ಹಳದಿ, ಹಸಿರು ಮಣ್ಣುಗಳದ್ದು. ಇಂಥ ಗಾರೆಗೆ ಹಿಂದಿನಿಂದ ತೇವ ಬಂದ್ರೆ ಮೊದಲು ಮಣ್ಣಿನ ಪದರ ಬಂಡೆಯಿಂದ ಬಿಡುತ್ತೆ, ಹೊರಗಿಂದ ಏನೂ ಕಾಣಲ್ಲ, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದ್ರೆ ಟೊಳ್ಳು ಸದ್ದು. ಅದನ್ನ ತರಬೇತಿ ಇರೋರು ಮಾತ್ರ ಮಾಡ್ಬೇಕು, ಪ್ರವಾಸಿಗರು ಮುಟ್ಟಲೇಬಾರದು. 1967ರಲ್ಲಿ ಕಿಡಿಗೇಡಿಗಳು ಈ ಚಿತ್ರಗಳಿಗೆ ಹಸಿರು ಪೇಂಟ್ ಬಳಿದಾಗ ಅದನ್ನ ತೆಗೆಯೋ ಕೆಲಸಕ್ಕೆ ಇಟಲಿಯಿಂದ ಲುಚಿಯಾನೊ ಮರಾನ್ಸಿ ಅನ್ನೋ ತಜ್ಞರು ಬರಬೇಕಾಯ್ತು.

ನೀವು ಹೋದ್ರೆ ಹತ್ತೋಕೆ ಮುಂಚೆ ತೋಟದ ನಡುವೆ ನಿಂತು ಬಂಡೆ ಮುಖ ಒಮ್ಮೆ ದಿಟ್ಟಿಸಿ. ಮೇಲಿಂದ ಕೆಳಗೆ ಇಳಿದಿರೋ ಕಪ್ಪು ಪಟ್ಟೆಗಳು ಮಳೆನೀರಿನ ದಾರಿ, ಪಾಚಿ ಒಣಗಿದ ಗುರುತು. ಚಿತ್ರಗಳ ಗೂಡು ಎಲ್ಲಿದೆ ಅಂತ ಹುಡುಕಿ, ಆ ಬಾಗಿದ ಜಾಗದ ಒಳಗೋಡೆ ತಿಳಿ ಬಣ್ಣದಲ್ಲಿ ಒಣಗಿ ನಿಂತಿರುತ್ತೆ.