ಚಾರ್ಜ್ ಮಾಡಿದೊಡನೆ ಟ್ರಿಪ್: ಶೇ. 15 ಎಂಬ ಅಂಕಿಯ ಹಿನ್ನೆಲೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಅಡಿಕೆ ತೋಟಕ್ಕೆ ನೀರು ಬಿಡುವ ಬೇಸಗೆಯ ದಿನಗಳಲ್ಲಿ ಕರೆಂಟು ಹೋದರೆ ಮೊದಲು ಹೊಳೆಯುವುದು ಟ್ರಾನ್ಸ್‌ಫಾರ್ಮರ್ ಸುಟ್ಟಿತು ಎಂಬ ಮಾತೇ. ಈ ಗಡಿನಾಡಿನ ಒಂದು 110 ಕೆವಿ ಸಬ್‌ಸ್ಟೇಷನ್ನಿನಲ್ಲಿ ಅಂಥದೇ ಸುದ್ದಿ ಹಬ್ಬಿದ ದಿನ ನಾನೂ ಅಲ್ಲಿದ್ದೆ. ವಾರ್ಷಿಕ ನಿರ್ವಹಣೆ ಮುಗಿಸಿ 12.5 ಎಂವಿಎ, 110/11 ಕೆವಿ ಟ್ರಾನ್ಸ್‌ಫಾರ್ಮರನ್ನು ಚಾರ್ಜ್ ಮಾಡಿದ, ಎಂದರೆ ಮತ್ತೆ ವಿದ್ಯುತ್ತಿಗೆ ಸೇರಿಸಿದ ಕೂಡಲೇ, ಒಳದೋಷವನ್ನು ಕಾಯುವ ಡಿಫರೆನ್ಷಿಯಲ್ ರಿಲೇ ಟ್ರಿಪ್ ಕೊಟ್ಟು ಬ್ರೇಕರನ್ನು ತೆರೆದುಬಿಟ್ಟಿತು. ಒಳಗೆ ಸುಟ್ಟರೆ ಎಣ್ಣೆಯಿಂದೇಳುವ ಅನಿಲವನ್ನು ಹಿಡಿಯುವ ಬುಕೋಲ್ಜ್ ರಿಲೇಯಲ್ಲಿ ಅನಿಲವಿರಲಿಲ್ಲ, ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ಓದು ಮೊದಲಿನಂತೆಯೇ ಇತ್ತು, ಎಣ್ಣೆಯ ಪರೀಕ್ಷೆಯೂ ಸರಿ ಬಂತು. ಮರುದಿನ ಏನನ್ನೂ ಬದಲಾಯಿಸದೆ ಮತ್ತೆ ಚಾರ್ಜ್ ಮಾಡಿದಾಗ ಟ್ರಾನ್ಸ್‌ಫಾರ್ಮರ್ ತಣ್ಣಗೆ ನಿಂತಿತು. ಮುಂದಿನ ವರ್ಷ ಅದೇ ಕೆಲಸ ಮುಗಿದ ಮೇಲೆ ಅದೇ ಟ್ರಿಪ್ ಮರುಕಳಿಸಿತು.

ಡಿಫರೆನ್ಷಿಯಲ್ ರಿಲೇಯ ಲೆಕ್ಕ ಸರಳ. ಎರಡೂ ಬದಿಯ ಪ್ರವಾಹಗಳನ್ನು ಸುರುಳಿಗಳ ಅನುಪಾತಕ್ಕೆ ಹೊಂದಿಸಿ ನೋಡಿದರೆ ಒಳಬಂದದ್ದೂ ಹೊರಹೋದದ್ದೂ ಸರಿದೂಗಬೇಕು. ದೂಗದಿದ್ದರೆ ಒಳಗೆಲ್ಲೋ ದೋಷವಿದೆ. ಆದರೆ 11 ಕೆವಿ ಬದಿಯ ಬ್ರೇಕರ್ ತೆರೆದಿರುವಾಗ ಟ್ರಾನ್ಸ್‌ಫಾರ್ಮರನ್ನು 110 ಕೆವಿಗೆ ಸೇರಿಸಿದರೆ ಒಳಬರುವ ಪ್ರವಾಹವೆಲ್ಲ ಕಬ್ಬಿಣದ ಗರ್ಭವನ್ನು ಕಾಂತೀಯಗೊಳಿಸುವುದಕ್ಕೇ ಹೋಗುತ್ತದೆ. ಅದು ಆಚೆ ಬದಿಯಲ್ಲಿ ಕಾಣಿಸುವುದೇ ಇಲ್ಲ, ಹಾಗಾಗಿ ರಿಲೇಯ ಕಣ್ಣಿಗೆ ಅದು ಅಪ್ಪಟ ಒಳದೋಷ.

ಸಾಮಾನ್ಯವಾಗಿ ಈ ಪ್ರವಾಹ ಅತ್ಯಲ್ಪ. ಚಾರ್ಜ್ ಮಾಡುವ ಗಳಿಗೆಯಲ್ಲಿ ಮಾತ್ರ ಅದು ಉಬ್ಬುತ್ತದೆ, ಏಕೆಂದರೆ ಕಾಂತಹರಿವು ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಕೂಡಿಸಿಕೊಂಡು ಬೆಳೆಯುತ್ತದೆ. ವೋಲ್ಟೇಜ್ ಸೊನ್ನೆಯನ್ನು ದಾಟುವ ಗಳಿಗೆಯಲ್ಲೇ ಬ್ರೇಕರ್ ಮುಚ್ಚಿಕೊಂಡರೆ ಅರ್ಧ ಆವರ್ತದ ಕೊನೆಗೆ ಕಾಂತಹರಿವು ಮಾಮೂಲಿ ಶಿಖರದ ಎರಡು ಪಟ್ಟಿಗೆ ಏರಬೇಕಾಗುತ್ತದೆ. ಗರ್ಭದಲ್ಲಿ ಮೊದಲೇ ಉಳಿದ ಕಾಂತತ್ವ ಅದೇ ದಿಕ್ಕಿನಲ್ಲಿದ್ದರೆ ಅದೂ ಸೇರಿಕೊಳ್ಳುತ್ತದೆ. ಮಾಮೂಲಿಯಾಗಿ 1.7 ಟೆಸ್ಲಾದಲ್ಲಿ ಕೆಲಸ ಮಾಡುವ ಉಕ್ಕು 2 ಟೆಸ್ಲಾದ ಆಸುಪಾಸಿನಲ್ಲೇ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಸುರುಳಿ ಬಹುಮಟ್ಟಿಗೆ ಗಾಳಿಯಲ್ಲಿಟ್ಟ ಸುರುಳಿಯಂತಾಗಿ, ಪ್ರವಾಹ ಪೂರ್ಣ ಹೊರೆಯ ಹಲವು ಪಟ್ಟಿಗೆ ಚಿಮ್ಮುತ್ತದೆ. ಇದನ್ನೇ ಇನ್‌ರಷ್ ಎನ್ನುವುದು.

ಈ ಚಿಮ್ಮು ಹೊಸದೇನಲ್ಲ. 1892ರಲ್ಲೇ ಬ್ರಿಟಿಷ್ ಎಂಜಿನಿಯರ್ ಫ್ಲೆಮಿಂಗ್ ಇದರ ಬಗ್ಗೆ ಬರೆದಿದ್ದರು. ಮುಂದಿನ ನಾಲ್ಕು ದಶಕ ರಕ್ಷಣೆಯ ಕಡೆಯವರು ರಿಲೇಯನ್ನು ನಿಧಾನಗೊಳಿಸಿ, ಇಲ್ಲವೇ ಚಾರ್ಜ್ ಮಾಡುವ ಹೊತ್ತಿಗೆ ಮಂದಗೊಳಿಸಿ ದಿನ ದೂಡಿದರು. 1938ರಲ್ಲಿ ಅಮೆರಿಕದ ಕೆನಡಿ ಮತ್ತು ಹೇವರ್ಡ್ ಪ್ರವಾಹದ ಆಕಾರವನ್ನೇ ಸಾಕ್ಷಿಯಾಗಿ ಬಳಸುವ, ಹಾರ್ಮೋನಿಕ್‌ಗಳಿಂದ, ಎಂದರೆ ಮೂಲ ಆವರ್ತನದ ಎರಡು, ಮೂರು ಇತ್ಯಾದಿ ಪಟ್ಟಿನ ಅಲೆಗಳಿಂದ, ತಡೆ ಪಡೆಯುವ ರಿಲೇಯನ್ನು ವಿವರಿಸಿದರು. 1958ರಲ್ಲಿ ಶಾರ್ಪ್ ಮತ್ತು ಗ್ಲಾಸ್‌ಬರ್ನ್ ಅದನ್ನು ಎರಡನೇ ಹಾರ್ಮೋನಿಕ್ ಒಂದಕ್ಕೇ, ಎಂದರೆ ನಮ್ಮ 50 ಹರ್ಟ್ಜ್ ಜಾಲದಲ್ಲಿ 100 ಹರ್ಟ್ಜ್‌ಗೆ, ಇಳಿಸಿದರು. ಆಯ್ಕೆಗೆ ಕಾರಣವಿದೆ. ಇನ್‌ರಷ್ ಅಲೆ ಒಂದೇ ಕಡೆಗೆ ಚಾಚುವ ದಿಬ್ಬಗಳ ಸಾಲು. ಎರಡು ದಿಬ್ಬಗಳ ನಡುವೆ ಪ್ರವಾಹ ಸೊನ್ನೆಯ ಬಳಿ ಚಪ್ಪಟೆಯಾಗಿ ಮಲಗಿರುತ್ತದೆ. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಹೋಲಿಕೆಯಿಲ್ಲದ ಇಂಥ ಅಲೆಯಲ್ಲಿ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಧಾರಾಳವಾಗಿರುತ್ತವೆ. ನಿಜವಾದ ದೋಷದ ಪ್ರವಾಹವೋ, ಪ್ರವಾಹವನ್ನು ಅಳೆದು ರಿಲೇಗೆ ಕೊಡುವ ಸಿ.ಟಿ.ಯ ಗರ್ಭ ತುಂಬಿಹೋಗದಿದ್ದರೆ, ಬಹುಪಾಲು 50 ಹರ್ಟ್ಜ್ ಅಲೆಯೇ. ಆದ್ದರಿಂದ ರಿಲೇ ಡಿಫರೆನ್ಷಿಯಲ್ ಪ್ರವಾಹದಲ್ಲಿ 100 ಹರ್ಟ್ಜ್ ಪಾಲನ್ನು 50 ಹರ್ಟ್ಜ್ ಪಾಲಿಗೆ ಹೋಲಿಸಿ, ಅನುಪಾತ ನಿಗದಿತ ಮಿತಿಯನ್ನು ಮೀರಿದರೆ ಟ್ರಿಪ್ ಕೊಡದೆ ಸುಮ್ಮನಿರುತ್ತದೆ.

ಆ ಮಿತಿ ಎಷ್ಟಿರಬೇಕು ಎಂಬಲ್ಲಿ ಗೋಜಲು ಶುರುವಾಗುತ್ತದೆ. ಅದೇ 1958ರಲ್ಲಿ ಸೋನ್ನೆಮನ್, ವ್ಯಾಗ್ನರ್ ಮತ್ತು ರಾಕ್‌ಫೆಲರ್ ಇನ್‌ರಷ್ ದಿಬ್ಬವನ್ನು ಕತ್ತರಿಸಿದ ಸೈನ್ ಅಲೆಯೆಂದು ಭಾವಿಸಿ ಲೆಕ್ಕ ಹಾಕಿದ್ದರು. ದಿಬ್ಬ ಕಿರಿದಾಗಿದ್ದರೆ ಎರಡನೇ ಹಾರ್ಮೋನಿಕ್ ಅನುಪಾತ ಬಹಳ ಹೆಚ್ಚು. ದಿಬ್ಬದ ಬುಡ ಅಗಲವಾದಷ್ಟೂ ಅದು ಇಳಿಯುತ್ತದೆ. 360 ಡಿಗ್ರಿಯ ಆವರ್ತದಲ್ಲಿ ಬುಡ 240 ಡಿಗ್ರಿಗೆ ಹರಡಿದಾಗ ಸಿಗುವುದು ಸುಮಾರು ಶೇ. 17. ನಮ್ಮಲ್ಲಿ ಸೆಟ್ಟಿಂಗ್ ಹಾಳೆಗಳಲ್ಲಿ ಕಣ್ಣುಮುಚ್ಚಿ ಬರೆಯುವ ಶೇ. 15 ಅದರ ತುಸು ಕೆಳಗೆ ಕೂರುತ್ತದೆ. ಅಂದಿನ ಉಕ್ಕಿಗೆ ಅದು ಒಪ್ಪುವ ಅಂಕಿಯೇ. ಇಂದಿನ ಉತ್ತಮ ದರ್ಜೆಯ ಉಕ್ಕಿನ ಗರ್ಭಗಳಲ್ಲಿ ಕೆಲವು ಸಂದರ್ಭಗಳಲ್ಲಿ ಒಂದು ಫೇಸಿನ ಅನುಪಾತ ಶೇ. 10ಕ್ಕಿಂತಲೂ ಕೆಳಗಿಳಿಯುತ್ತದೆಂದು ಕಂಡುಕೊಂಡ ಮೇಲೂ ಹಾಳೆಯ ಅಂಕಿ ಮಾತ್ರ ನಕಲಾಗುತ್ತಲೇ ಬಂದಿದೆ.

ನಮ್ಮ ಟ್ರಾನ್ಸ್‌ಫಾರ್ಮರಿನ ಕಥೆ ರಿಲೇಯ ದಾಖಲೆಯಲ್ಲಿ ಸ್ಪಷ್ಟವಾಗಿತ್ತು. ಎರಡನೆಯ ವರ್ಷ ಮಾತ್ರ ಅದನ್ನು ಬಿಚ್ಚಿ ನೋಡಿದೆವು. 110 ಕೆವಿ ಬದಿಯ ಪೂರ್ಣ ಹೊರೆಯ ಪ್ರವಾಹ 66 ಆಂಪಿಯರ್, ಅದರ ಶಿಖರ 93. ದಾಖಲೆಯಲ್ಲಿ ಆರ್, ವೈ, ಬಿ ಎಂಬ ಮೂರು ಫೇಸುಗಳ ಪೈಕಿ ವೈಯ ಮೊದಲ ದಿಬ್ಬ 480 ಆಂಪಿಯರಿಗೆ ಏರಿತ್ತು, 11 ಕೆವಿ ಬದಿಯ ಗೆರೆ ಸೊನ್ನೆಯಲ್ಲೇ ಇತ್ತು. ಎರಡನೇ ಹಾರ್ಮೋನಿಕ್ ಆರ್‌ನಲ್ಲಿ ಶೇ. 36, ಬಿಯಲ್ಲಿ ಶೇ. 28, ವೈಯಲ್ಲಿ ಮಾತ್ರ ಶೇ. 12. ಸೆಟ್ಟಿಂಗ್ ಶೇ. 15; ತಡೆ ಫೇಸ್ ಫೇಸಿಗೆ ಪ್ರತ್ಯೇಕ. ಎರಡು ಫೇಸುಗಳು ತಡೆಹಿಡಿದುಕೊಂಡಿದ್ದರೂ ವೈ ಒಬ್ಬಂಟಿಯಾಗಿ ಟ್ರಿಪ್ ಕೊಟ್ಟಿತ್ತು.

ವೈ ಫೇಸೇ ಏಕೆ? ನಿರ್ವಹಣೆಯಲ್ಲಿ ಸುರುಳಿಗಳ ರೋಧವನ್ನು ಡಿಸಿ ಪ್ರವಾಹ ಹರಿಸಿ ಅಳೆದಿದ್ದರು, ಕೊನೆಯಲ್ಲಿ ಅಳೆದದ್ದು ವೈಯನ್ನು. ಡಿಸಿ ಗರ್ಭದ ಆ ಕಾಲಿನಲ್ಲಿ ಬಲವಾದ ಉಳಿಕೆ ಕಾಂತತ್ವ ಬಿಟ್ಟುಹೋಗಿತ್ತು. ಹರಿವು ಮೊದಲೇ ಮೇಲಿದ್ದುದರಿಂದ ಗರ್ಭ ಬೇಗ ತುಂಬಿತು, ತಡವಾಗಿ ಇಳಿಯಿತು. ದಿಬ್ಬ ಎತ್ತರವೂ ಆಯಿತು, ಅಗಲವೂ ಆಯಿತು. ಮರುದಿನ ನಿಂತದ್ದರಲ್ಲಿ ಪವಾಡವೇನೂ ಇರಲಿಲ್ಲ: ಮೊದಲ ಟ್ರಿಪ್‌ನ ಹೊತ್ತಿಗೆ ಗರ್ಭದ ಕಾಂತತ್ವ ಬೇರೆಯೇ ಆಗಿತ್ತು, ಬ್ರೇಕರ್ ಮುಚ್ಚಿಕೊಂಡ ಗಳಿಗೆಯೂ ಬೇರೆ.

ಮಿತಿಯನ್ನು ಶೇ. 10ಕ್ಕೆ ಇಳಿಸುವುದು ಸುಲಭ, ಆದರೆ ಅದಕ್ಕೆ ಬೆಲೆಯಿದೆ. ಒಳಗೆ ನಿಜವಾದ ಭಾರಿ ದೋಷವಾದಾಗ ಸಿ.ಟಿ. ತುಂಬಿ ಅದರ ಪ್ರವಾಹವೇ ವಿಕಾರಗೊಂಡು ಎರಡನೇ ಹಾರ್ಮೋನಿಕ್ ಹುಟ್ಟಿಸುತ್ತದೆ. ಮಿತಿ ತಗ್ಗಿದಷ್ಟೂ ರಿಲೇ ಇದನ್ನು ಇನ್‌ರಷ್ ಎಂದು ನಂಬಿ ಕಾಯುವ ಸಾಧ್ಯತೆ ಹೆಚ್ಚು. ಇದಕ್ಕೆಂದೇ ಹಾರ್ಮೋನಿಕ್ ತಡೆಯನ್ನು ಲೆಕ್ಕಿಸದ, ಪೂರ್ಣ ಹೊರೆಯ ಹತ್ತು ಪಟ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುವ ಹೈ-ಸೆಟ್ ಘಟಕವಿದೆ. ಅದು ಇನ್‌ರಷ್‌ನ ಶಿಖರಕ್ಕಿಂತ ಮೇಲಿರಬೇಕು.

ಇನ್ನೊಂದು ದಾರಿ ಕ್ರಾಸ್ ಬ್ಲಾಕಿಂಗ್: ಒಂದು ಫೇಸಿನಲ್ಲಿ ಹಾರ್ಮೋನಿಕ್ ಕಂಡರೆ ಮೂರನ್ನೂ ತಡೆಹಿಡಿಯುವುದು. ನಮ್ಮ ಪ್ರಕರಣದಲ್ಲಿ ಆರ್‌ನ ಶೇ. 36 ವೈಯನ್ನು ಕಾಪಾಡುತ್ತಿತ್ತು. ಆದರೆ ಚಾರ್ಜ್ ಮಾಡುವಾಗಲೇ ಒಂದು ಫೇಸಿನಲ್ಲಿ ದೋಷವಿದ್ದರೆ, ಉಳಿದೆರಡರ ಇನ್‌ರಷ್ ಇಳಿಯುವವರೆಗೆ, ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ಕೆಲವು ಸೆಕೆಂಡುಗಳವರೆಗೂ, ದೋಷ ಉರಿಯುತ್ತಲೇ ಇರಬಹುದು. ಆದ್ದರಿಂದ ಈ ತಡೆಗೆ ಕಾಲಮಿತಿ ಇಟ್ಟು, ಮೂರರಲ್ಲಿ ಎರಡು ಫೇಸುಗಳು ಒಪ್ಪಿದಾಗ ಮಾತ್ರ ತಡೆಯುವುದು ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ.

ನಾವು ರಿಲೇಯನ್ನು ಮೊದಲು ಮುಟ್ಟಲಿಲ್ಲ. ಡಿಸಿ ಪರೀಕ್ಷೆಯ ನಂತರ ಪ್ರವಾಹದ ದಿಕ್ಕನ್ನು ತಿರುಗಿಸುತ್ತಾ, ಪ್ರತಿ ಸಲ ಕಡಿಮೆ ಮಾಡುತ್ತಾ ಗರ್ಭದ ಕಾಂತತ್ವವನ್ನು ಇಳಿಸಿದೆವು. ಆಮೇಲೆ ಮೂರರಲ್ಲಿ ಎರಡರ ತಡೆಯನ್ನು ಹಾಕಿ, ಮಿತಿಯನ್ನು ಶೇ. 15ರಲ್ಲೇ ಬಿಟ್ಟೆವು. ಆ ಸಲ ಚಾರ್ಜ್ ಮಾಡಿದಾಗ ವೈಯ ಮೊದಲ ದಿಬ್ಬ 190 ಆಂಪಿಯರ್, ಅದರ ಎರಡನೇ ಹಾರ್ಮೋನಿಕ್ ಶೇ. 31.