ಪದ ಪರಿಚಯ: ಶೆಡ್ಯೂಲ್ ಎಚ್

ಔಷಧಿ ಅಂಗಡಿಯಿಂದ ತಂದ ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದರೆ, ತಯಾರಕರ ವಿಳಾಸದ ಆಸುಪಾಸಿನಲ್ಲಿ ‘ಶೆಡ್ಯೂಲ್ ಎಚ್ ಪ್ರಿಸ್ಕ್ರಿಪ್ಷನ್ ಡ್ರಗ್’ ಎಂಬ ಸಣ್ಣ ಅಕ್ಷರಗಳ ಸಾಲು ಅನೇಕ ಸಲ ಕಾಣಿಸುತ್ತದೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಇದನ್ನು ಚಿಲ್ಲರೆಯಾಗಿ ಮಾರಕೂಡದು ಎಂಬ ಎಚ್ಚರಿಕೆ ಅದರ ಜೊತೆಗಿರುತ್ತದೆ, ಎಡಗಡೆಯ ಮೇಲಿನ ಮೂಲೆಯಲ್ಲಿ ಆರ್‌ಎಕ್ಸ್ ಎಂಬ ಚಿಹ್ನೆಯಿರುತ್ತದೆ. ಈ ಚಿಹ್ನೆ ‘ತೆಗೆದುಕೋ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಪ್ಯಾರಸಿಟಮಾಲ್ ಮಾತ್ರವೇ ಇರುವ ಸ್ಟ್ರಿಪ್ಪಿನ ಮೇಲೆ ಇದಾವುದೂ ಕಡ್ಡಾಯವಲ್ಲ. ಎರಡೂ ಒಂದೇ ಅಂಗಡಿಯ ಒಂದೇ ಕಪಾಟಿನಿಂದ ಬಂದಿರಬಹುದಾದರೂ, ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ ವಸ್ತುಗಳು.

ಶೆಡ್ಯೂಲ್ ಎಂದರೆ ಅನುಸೂಚಿ, ಅಂದರೆ ಕಾನೂನಿನ ಅಥವಾ ನಿಯಮಾವಳಿಯ ಕೊನೆಗೆ ಸೇರಿಸಿದ ಪಟ್ಟಿ. ಭಾರತದಲ್ಲಿ ಔಷಧಗಳ ತಯಾರಿಕೆ ಮತ್ತು ಮಾರಾಟವನ್ನು ಆಳುವುದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ. ಅದರ ಅಡಿಯಲ್ಲಿ 1945ರಲ್ಲಿ ಬಂದ ನಿಯಮಾವಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರಿನ ಅನುಸೂಚಿಗಳಿವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಸಾಮಾನ್ಯ. ಎ ಇಂದ ಎಕ್ಸ್‌ವರೆಗೆ ಹೋದಂತೆ ಔಷಧದ ಅಪಾಯ ಏರುತ್ತಾ ಹೋಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಶೆಡ್ಯೂಲ್ ಎ ಎಂಬುದು ಅರ್ಜಿ ಮತ್ತು ಪರವಾನಗಿ ನಮೂನೆಗಳ ಕಟ್ಟು. ಎಂ ಎಂಬುದು ಕಾರ್ಖಾನೆಯಲ್ಲಿ ಪಾಲಿಸಬೇಕಾದ ತಯಾರಿಕಾ ಕ್ರಮಗಳನ್ನು ಹೇಳಿದರೆ, ಜೆ ಎಂಬುದು ಯಾವ ಯಾವ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧದವರು ಹೇಳಿಕೊಳ್ಳಬಾರದು ಎಂಬುದನ್ನು ಪಟ್ಟಿ ಮಾಡುತ್ತದೆ. ಹೀಗಾಗಿ ‘ಎಚ್’ ಅಕ್ಷರಕ್ಕೆ ತನ್ನದೇ ಆದ ಯಾವ ಅರ್ಥವೂ ಇಲ್ಲ. ಪಟ್ಟಿಗಳನ್ನು ಜೋಡಿಸಿದಾಗ ಅದರ ಪಾಲಿಗೆ ಬಂದ ಅಕ್ಷರ ಅದು. ಮಾತ್ರೆ ಕೊಳ್ಳುವವನಿಗೆ ನೇರವಾಗಿ ಸಂಬಂಧಿಸಿದ ಅನುಸೂಚಿಗಳು ಮುಖ್ಯವಾಗಿ ಜಿ, ಎಚ್, ಎಚ್1 ಮತ್ತು ಎಕ್ಸ್.

ಚೀಟಿಯಿಲ್ಲದೆ ಮಾರಬಹುದಾದ ಔಷಧಗಳಿಗೂ ಇಂಥದೇ ಒಂದು ಪಟ್ಟಿ ಇರಬೇಕೆಂದು ಯಾರಿಗಾದರೂ ಅನಿಸುವುದು ಸಹಜ. ಅಂಥ ಪ್ರತ್ಯೇಕ ವರ್ಗವನ್ನು ನಮ್ಮ ನಿಯಮಾವಳಿ ಮಾಡಿಲ್ಲ. ಎಚ್, ಎಚ್1, ಎಕ್ಸ್ ಪಟ್ಟಿಗಳಲ್ಲಿ ಹೆಸರಿಲ್ಲದಿರುವುದೇ ಚೀಟಿಯಿಲ್ಲದೆ ಮಾರಲು ಸಿಕ್ಕ ಅನುಮತಿ. ಆಗಲೂ ಅಂಗಡಿಗೆ ಪರವಾನಗಿ ಬೇಕು. ಅದಕ್ಕೂ ವಿನಾಯಿತಿ ಕೊಡುವುದು ಶೆಡ್ಯೂಲ್ ಕೆ: ಒಂದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಹಳ್ಳಿಯಲ್ಲಿ ಪ್ಯಾರಸಿಟಮಾಲ್ ಮತ್ತು ಆಸ್ಪಿರಿನ್ ಮಾತ್ರೆ, ನೋವಿನ ಮುಲಾಮು, ಗ್ರೈಪ್ ವಾಟರ್, ಹರಳೆಣ್ಣೆ, ನೀಲಗಿರಿ ಎಣ್ಣೆಯಂಥ ಮನೆಮದ್ದುಗಳನ್ನು ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ಮಾರಬಹುದು. ಆದರೆ ಅವು ಪರವಾನಗಿ ಪಡೆದವರಿಂದಲೇ ಕೊಂಡವಾಗಿರಬೇಕು, ಒಡೆಯದ ಮೂಲ ಪೊಟ್ಟಣದಲ್ಲೇ ಇರಬೇಕು. ಪಟ್ಟಣದ ಬೀಡಾ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ಜ್ವರದ ಮಾತ್ರೆಗೆ ಈ ವಿನಾಯಿತಿಯ ನೆರಳು ಬೀಳುವುದಿಲ್ಲ.

ಹಾಗಾದರೆ ಒಂದು ಔಷಧವನ್ನು ಪಟ್ಟಿಗೆ ಸೇರಿಸಲು ಕಾರಣವೇನು? ‘ಅಪಾಯಕಾರಿ’ ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುವುದಿಲ್ಲ, ಏಕೆಂದರೆ ಚೀಟಿಯಿಲ್ಲದೆ ಸಿಗುವ ಪ್ಯಾರಸಿಟಮಾಲ್ ಕೂಡ ನಿರಪಾಯಕಾರಿಯಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ, ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ. ಅದನ್ನು ಬಹಳವಾಗಿ ಮೀರಿದರೆ ಯಕೃತ್ತು ಕೆಡುತ್ತದೆ. ಆದರೂ ಅದು ಚೀಟಿಯಿಲ್ಲದೆ ಸಿಗುವುದಕ್ಕೆ ಎರಡು ಸಮರ್ಥನೆಗಳಿವೆ: ಜ್ವರವನ್ನೂ ತಲೆನೋವನ್ನೂ ರೋಗಿ ತಾನೇ ಗುರುತಿಸಬಲ್ಲ, ಮತ್ತು ಒಂದು ಹೊತ್ತಿನ ಮಾತ್ರೆಗೂ ಹಾನಿ ಮಾಡುವ ಪ್ರಮಾಣಕ್ಕೂ ನಡುವೆ ಸಾಕಷ್ಟು ಅಂತರವಿದೆ. ಅದೇ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಎಂಬ ನೋವುನಿವಾರಕ ಸೇರಿದ ಮಾತ್ರೆಯನ್ನು ನೋಡಿ. ಟ್ರಮಡಾಲ್ ಚಟ ಹಿಡಿಸಬಲ್ಲದು, ಎಚ್‌ಗಿಂತಲೂ ಕಟ್ಟುನಿಟ್ಟಾದ ಎಚ್1 ಪಟ್ಟಿಯಲ್ಲಿದೆ. ಆದ್ದರಿಂದ ಮಿಶ್ರಣವೂ ಎಚ್1 ಆಗುತ್ತದೆ. ಮಾತ್ರೆಯೊಳಗಿರುವ ಪದಾರ್ಥಗಳಲ್ಲಿ ಅತಿ ಕಟ್ಟುನಿಟ್ಟಾದುದರ ನಿಯಮವೇ ಇಡೀ ಮಾತ್ರೆಗೆ ಅನ್ವಯಿಸುತ್ತದೆ.

ಶೆಡ್ಯೂಲ್ ಜಿ ಎಂಬುದು ಚೀಟಿಯಿಲ್ಲದೆ ಸಿಗುವ ಔಷಧಕ್ಕೂ ಚೀಟಿ ಬೇಕಾದ ಔಷಧಕ್ಕೂ ನಡುವಿನ ಹೊಸ್ತಿಲು. ಅಲರ್ಜಿಗೆ ಕೊಡುವ ಆಂಟಿಹಿಸ್ಟಮಿನ್ ವರ್ಗದ ಪದಾರ್ಥಗಳು ಇಲ್ಲಿವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯ ಎಂದು ಲೇಬಲ್ ಎಚ್ಚರಿಸುತ್ತದೆ, ಆದರೆ ಚೀಟಿಯಿಲ್ಲದೆ ಮಾರುವುದನ್ನು ಈ ಪಟ್ಟಿಯಷ್ಟೇ ತಡೆಯುವುದಿಲ್ಲ.

ಎಚ್ ಪಟ್ಟಿಗೆ ಬಂದೊಡನೆ ಚೀಟಿ ಕಡ್ಡಾಯವಾಗುತ್ತದೆ, ಮತ್ತು ಚೀಟಿ ಎಂದರೇನು ಎಂಬುದನ್ನೂ ನಿಯಮ ವಿವರಿಸುತ್ತದೆ. ಅದು ಲಿಖಿತವಾಗಿರಬೇಕು, ವೈದ್ಯರ ಸಹಿ ಮತ್ತು ದಿನಾಂಕವಿರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಒಟ್ಟು ಎಷ್ಟು ಔಷಧ ಮತ್ತು ಯಾವ ಪ್ರಮಾಣದಲ್ಲಿ ಎಂಬುದು ಬರೆದಿರಬೇಕು. ಮತ್ತೆ ಕೊಡಬಹುದು ಎಂದು ವೈದ್ಯರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಮಾರಿದ ಮೇಲೆ ಅಂಗಡಿಯವರು ತಮ್ಮ ಹೆಸರು, ವಿಳಾಸ, ದಿನಾಂಕವನ್ನು ಚೀಟಿಯ ಮೇಲೆ ನಮೂದಿಸಬೇಕು; ಕೆಲವು ಅಂಗಡಿಗಳಲ್ಲಿ ಒತ್ತುವ ಮೊಹರಿನ ಹಿಂದಿನ ಉದ್ದೇಶ ಇದೇ. ಹೋದ ವರ್ಷದ ಚೀಟಿಯನ್ನು ಪರ್ಸಿನಿಂದ ತೆಗೆದು ‘ಇದೇ ಮಾತ್ರೆ ಕೊಡಿ’ ಎಂದು ಕೇಳುವ ನಮ್ಮ ಅಭ್ಯಾಸ, ಈ ನಿಯಮದ ಪ್ರಕಾರ, ಚೀಟಿಯಿಲ್ಲದೆ ಕೇಳಿದಂತೆಯೇ.

2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿ ಏಕೆ ಬೇಕಾಯಿತು ಎಂಬುದು ಒಂದು ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. ಮೂರು ವಾರದಿಂದ ಕೆಮ್ಮು, ಸಂಜೆಯ ಹೊತ್ತಿಗೆ ಸಣ್ಣ ಜ್ವರ ಇರುವ ಒಬ್ಬ ಲಾರಿ ಚಾಲಕನನ್ನು ಊಹಿಸಿಕೊಳ್ಳೋಣ. ಆಸ್ಪತ್ರೆಗೆ ಹೋಗಲು ಬಿಡುವಿಲ್ಲದ ಆತ ಅಂಗಡಿಯಲ್ಲಿ ಕೇಳುತ್ತಾನೆ, ಅಂಗಡಿಯವನು ಲಿವೋಫ್ಲಾಕ್ಸಸಿನ್ 500 ಮಿಲಿಗ್ರಾಂ ಮಾತ್ರೆಗಳನ್ನು ದಿನಕ್ಕೊಂದರಂತೆ ಐದು ದಿನಕ್ಕೆ ಕೊಡುತ್ತಾನೆ. ನಾಲ್ಕನೆಯ ದಿನಕ್ಕೆ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಔಷಧ ನಾಟಿತೆಂದು ಇಬ್ಬರಿಗೂ ಸಮಾಧಾನವಾಗುತ್ತದೆ.

ಕೆಮ್ಮಿಗೆ ಕಾರಣ ಕ್ಷಯವಾಗಿದ್ದರೆ ತೊಂದರೆ ಶುರುವಾಗುವುದೇ ಆ ಸಮಾಧಾನದಿಂದ. ಲಿವೋಫ್ಲಾಕ್ಸಸಿನ್ ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಪರಿಣಾಮ ಬೀರುತ್ತದೆ. ಅವುಗಳ ಸಂಖ್ಯೆಯನ್ನು ಇಳಿಸುತ್ತದೆ, ಆದರೆ ಐದು ದಿನದಲ್ಲಿ ರೋಗವನ್ನು ಕಳೆಯಲಾರದು. ಈ ಹಂತದಲ್ಲಿ ಕಫ ಪರೀಕ್ಷೆ ಮಾಡಿಸಿದರೂ ರೋಗಾಣು ಕಾಣಿಸದೆ ಹೋಗಬಹುದು, ಹಾಗಾಗಿ ರೋಗನಿರ್ಣಯ ತಡವಾಗುತ್ತದೆ. ಅಷ್ಟರಲ್ಲಿ ಮತ್ತೊಂದು ಕೆಲಸ ನಡೆದಿರುತ್ತದೆ. ಶ್ವಾಸಕೋಶದಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಈ ಔಷಧಕ್ಕೆ ಬಗ್ಗದ ಕೆಲವು ಮೊದಲಿನಿಂದಲೂ ಇರುತ್ತವೆ. ಒಂದೇ ಔಷಧ ಬಗ್ಗುವವನ್ನು ಕೊಂದಾಗ ಬಗ್ಗದವು ಉಳಿದು ಬೆಳೆಯುತ್ತವೆ. ಕ್ಷಯದ ಚಿಕಿತ್ಸೆಯನ್ನು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳಿಂದ ಒಟ್ಟಿಗೆ ಆರಂಭಿಸಿ ಆರು ತಿಂಗಳು ಮುಂದುವರಿಸುವುದಕ್ಕೆ ಇದೂ ಒಂದು ಕಾರಣ: ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಸಾಯುತ್ತದೆ. ಇವುಗಳಲ್ಲಿ ಮುಖ್ಯವಾದ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್‌ಗೆ ಬಗ್ಗದ ಕ್ಷಯ ಬಂದಾಗ ವೈದ್ಯರು ನೆಚ್ಚಿಕೊಳ್ಳುವ ಔಷಧಗಳಲ್ಲಿ ಲಿವೋಫ್ಲಾಕ್ಸಸಿನ್ ಒಂದು. ಮುಂದೆ ಬೇಕಾಗಬಹುದಾದ ಆಯುಧವನ್ನು ನಮ್ಮ ಚಾಲಕ ಐದು ದಿನದ ಕೆಮ್ಮಿನ ಶಮನಕ್ಕಾಗಿ ಮೊಂಡು ಮಾಡಿಕೊಂಡಿರಬಹುದು. ಆತನಿಂದ ಸೋಂಕು ತಗುಲಿದವರಿಗೂ ಅದು ಮೊಂಡಾಗಿಯೇ ಸಿಗುತ್ತದೆ. ಕೊಂಡವನಿಗಷ್ಟೇ ಅಲ್ಲದೆ ಪಕ್ಕದಲ್ಲಿ ಕುಳಿತವನಿಗೂ ಹಾನಿಯಾಗುವ ಇಂಥ ವ್ಯಾಪಾರವನ್ನು ‘ನನ್ನ ದೇಹ, ನನ್ನ ಇಷ್ಟ’ ಎಂಬ ವಾದದಿಂದ ಸಮರ್ಥಿಸುವುದು ಕಷ್ಟ.

ಆದ್ದರಿಂದಲೇ ಎಚ್1 ಅನ್ನು ಆರಂಭದಲ್ಲಿ 46 ಔಷಧಗಳೊಂದಿಗೆ ಪ್ರಕಟಿಸಿದಾಗ ಕ್ಷಯದ ಔಷಧಗಳು, ಲಿವೋಫ್ಲಾಕ್ಸಸಿನ್, ಸೆಫಿಕ್ಸಿಮ್, ಮೆರೊಪೆನೆಮ್‌ನಂಥ ಆಂಟಿಬಯಾಟಿಕ್‌ಗಳು, ಮತ್ತು ಅಲ್ಪ್ರಜೋಲಂ, ಕೋಡೀನ್‌ನಂಥ ಚಟ ಹಿಡಿಸಬಲ್ಲ ಔಷಧಗಳು ಒಂದೇ ಪಟ್ಟಿಯಲ್ಲಿ ಕೂಡಿದವು. ಇವುಗಳ ಲೇಬಲ್ಲಿನಲ್ಲಿ ಆರ್‌ಎಕ್ಸ್ ಕೆಂಪಾಗಿರುತ್ತದೆ, ಎಚ್ಚರಿಕೆಯ ಸುತ್ತ ಕೆಂಪು ಚೌಕಟ್ಟಿರುತ್ತದೆ. ಅಲ್ಪ್ರಜೋಲಂನಂಥ, ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಗಳ ಲೇಬಲ್ಲಿನಲ್ಲಿ ಆರ್‌ಎಕ್ಸ್ ಮುಂದೆ ‘ಎನ್’ ಅಕ್ಷರವೂ ಸೇರುತ್ತದೆ. ನಿಜವಾದ ವ್ಯತ್ಯಾಸ ಇರುವುದು ರಿಜಿಸ್ಟರಿನಲ್ಲಿ: ಅಂಗಡಿಯವರು ಪ್ರತಿ ಮಾರಾಟಕ್ಕೂ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಅದನ್ನು ಮೂರು ವರ್ಷ ಕಾಪಾಡಬೇಕು. ಔಷಧ ನಿರೀಕ್ಷಕರು ಬಂದಾಗ, ಸಗಟು ವ್ಯಾಪಾರಿಯಿಂದ ಬಂದ ಸ್ಟ್ರಿಪ್ಪುಗಳ ಲೆಕ್ಕದಿಂದ ಕಪಾಟಿನಲ್ಲಿ ಉಳಿದವನ್ನು ಕಳೆದರೆ ಬರುವ ಸಂಖ್ಯೆ ಈ ಪುಸ್ತಕದ ಮೊತ್ತಕ್ಕೆ ಹೊಂದಬೇಕು. ಹೊಂದದಿದ್ದರೆ ಚೀಟಿಯಿಲ್ಲದೆ ಮಾರಿದ ಅನುಮಾನ ಅಲ್ಲೇ ಹುಟ್ಟುತ್ತದೆ.

ಎಕ್ಸ್ ಪಟ್ಟಿಯ ಔಷಧಗಳನ್ನು ಸಾಮಾನ್ಯ ಗಿರಾಕಿ ಬಹುಶಃ ಕಾಣುವುದೇ ಇಲ್ಲ. ಅರಿವಳಿಕೆಯ ಕೆಟಮಿನ್, ಗಮನದ ಕೊರತೆಯ ಕಾಯಿಲೆಗೆ ಕೊಡುವ ಮೀಥೈಲ್‌ಫೆನಿಡೇಟ್ ಇಲ್ಲಿವೆ. ಇವನ್ನು ಮಾರಲು ಪ್ರತ್ಯೇಕ ಪರವಾನಗಿ ಬೇಕು, ಬೀಗ ಹಾಕಿದ ಕಪಾಟು ಬೇಕು, ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ.

ಪಟ್ಟಿಯ ಅಡಿಟಿಪ್ಪಣಿಯೊಂದು ಇಡೀ ವ್ಯವಸ್ಥೆಯಲ್ಲಿ ಎಷ್ಟು ದೊಡ್ಡ ಕಿಂಡಿಯಾಗಬಹುದು ಎಂಬುದಕ್ಕೆ ಸ್ಟೀರಾಯ್ಡ್ ಕ್ರೀಮುಗಳ ಕಥೆ ಸಾಕ್ಷಿ. ಸ್ಟೀರಾಯ್ಡ್‌ಗಳು ಎಚ್ ಪಟ್ಟಿಯಲ್ಲಿ ಇದ್ದವು, ಆದರೆ ಮೈಮೇಲೆ ಹಚ್ಚುವ ತಯಾರಿಕೆಗಳನ್ನು ಆ ಟಿಪ್ಪಣಿ ಹೊರಗಿಟ್ಟಿತ್ತು. ಹೀಗಾಗಿ ನುಂಗುವ ಮಾತ್ರೆಗೆ ಚೀಟಿ ಬೇಕಿತ್ತು, ಬಲವಾದ ಕ್ರೀಮಿಗೆ ಬೇಕಿರಲಿಲ್ಲ. ಜನರು ಅದನ್ನು ಮುಖ ಬೆಳ್ಳಗಾಗಲೆಂದೂ ಹುಳುಕಡ್ಡಿ ವಾಸಿಯಾಗಲೆಂದೂ ತಿಂಗಳುಗಟ್ಟಲೆ ಹಚ್ಚಿಕೊಂಡರು. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಬೇಗ ತಗ್ಗಿಸುತ್ತದೆ, ಆದರೆ ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ರಕ್ಷಣೆ ಕುಗ್ಗಿದ್ದರಿಂದ ಅದು ಸದ್ದಿಲ್ಲದೆ ಹರಡುತ್ತದೆ, ಹಚ್ಚುವುದನ್ನು ನಿಲ್ಲಿಸಿದ ಕೂಡಲೇ ಮೊದಲಿಗಿಂತ ಅಗಲವಾಗಿ ಮೇಲೇಳುತ್ತದೆ. ಮುಖದ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ. ಚರ್ಮವೈದ್ಯರು ಬಹುಕಾಲ ಒತ್ತಾಯಿಸಿದ ಮೇಲೆ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಟಿಪ್ಪಣಿಯನ್ನು ತಿದ್ದಿ ಹದಿನಾಲ್ಕು ಸ್ಟೀರಾಯ್ಡ್‌ಗಳ ಹಚ್ಚುವ ತಯಾರಿಕೆಗಳಿಗೂ ಚೀಟಿಯನ್ನು ಕಡ್ಡಾಯ ಮಾಡಿತು. ಅಂಗಡಿಯಲ್ಲಿ ಹುಳುಕಡ್ಡಿಗೆಂದು ಕೊಟ್ಟ ಟ್ಯೂಬಿನ ಘಟಕಗಳ ಸಾಲಿನಲ್ಲಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಹೆಸರು ಕಂಡರೆ, ಅದು ಆ ಚೀಟಿ ಬೇಕಾದ ಟ್ಯೂಬು.